ಏಳು ಅಂಕಿಯ ಟಿಕೆಟ್

ನಾವೆಲ್ಲ ಅಕ್ಕ ಎನ್ನುವ ಹಿರಿಯ ಗುಮಾಸ್ತೆಯನ್ನು ನಾನು ಮೊದಲು ನೋಡಿದ್ದು ಬಸ್ ನಿಲ್ದಾಣದ ಎರಡನೇ ಟಿಕೆಟ್ ಕಿಟಕಿಯ ಹಿಂದೆ. ಕನ್ನಡಕಕ್ಕೆ ದಾರ ಕಟ್ಟಿಕೊಂಡು, ಬೆರಳಿಗೆ ರಬ್ಬರ್ ಟೋಪಿ ಹಾಕಿಕೊಂಡು, ಹಳೆಯ ರಸೀದಿಗಳನ್ನು ಸರಸರನೆ ತಿರುವಿಹಾಕುತ್ತಿದ್ದರು. ನನಗೆ ಅದು ಕೆಲಸದ ಮೊದಲ ದಿನ. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಹಾಗಾಗಿ ತಪ್ಪು ಮಾಡಬಾರದೆಂದು ಬೆನ್ನು ನೆಟ್ಟಗೆ ಮಾಡಿ ನಿಂತಿದ್ದೆ.

"ಬಾ, ಕೂತ್ಕೋ. ಭಯಪಡ್ಬೇಡ, ಕಂಪ್ಯೂಟರ್ ಕಚ್ಚಲ್ಲ" ಎಂದು ಪಕ್ಕದ ಕಿಟಕಿ ತೋರಿಸಿದರು.

ನಾಲ್ಕು ಗಂಟೆಯ ಬಸ್ಸಿಗೆ ಹತ್ತು ನಿಮಿಷವಿತ್ತು. ಒಬ್ಬ ಮುದುಕ ನನ್ನ ಕಿಟಕಿಗೆ ಬಂದ. ಅವನ ಕೈಯಲ್ಲಿದ್ದ ಟಿಕೆಟ್ ಜೇಬಲ್ಲೇ ಒಗೆತಕ್ಕೆ ಹೋಗಿ ಎಡತುದಿ ಹರಿದಿತ್ತು.

"ನಾಳೆ ಬೆಳಿಗ್ಗೆ ಕಣ್ಣಿನ ಆಪರೇಷನ್ ತಾಯಿ. ಇದು ತಪ್ಪಿದ್ರೆ ಮತ್ತೆ ಮೂರು ತಿಂಗಳು ಕಾಯ್ಬೇಕಂತೆ. ಹರಿದ ಟಿಕೆಟ್ ಆಗಲ್ಲ, ಇಲ್ಲಿ ಕೇಳಿ ಅಂತ ಕಂಡಕ್ಟರ್ ಕಳಿಸಿದ."

ಟಿಕೆಟ್ ನಂಬರಿನಲ್ಲಿ ಕಾಣುತ್ತಿದ್ದ ಏಳು ಅಂಕಿ ಒತ್ತಿದೆ. ತಕ್ಷಣ ಪರದೆಯ ಮೇಲೆ ಒಂದು ಟಿಕೆಟ್ ತೆರೆಯಿತು. ಕೆಂಪಕ್ಷರದಲ್ಲಿ 'ರದ್ದು' ಎಂದಿತ್ತು.

"ನಿಮ್ಮ ಟಿಕೆಟ್ ರದ್ದಾಗಿದೆ ತಾತ."

ಅವನ ಮುಖ ಸಪ್ಪಗಾಯಿತು. "ನಾನ್ಯಾಕೆ ರದ್ದು ಮಾಡ್ಸಲಿ!" ಎನ್ನುತ್ತಾ ಚೀಲ ಎತ್ತಿಕೊಂಡ.

"ನಿಲ್ಲಿ ತಾತ!" ಅಕ್ಕ ಕುರ್ಚಿಯಿಂದ ಎದ್ದರು. ನನ್ನ ಕಡೆ ತಿರುಗಿ, "ನಂಬರ್ ಎಣಿಸಿದ್ಯಾ? ಹತ್ತು ಇರ್ಬೇಕು. ಇದರಲ್ಲಿ ಏಳೇ ಇದೆ" ಎಂದರು.

ಮೊದಲ ಮೂರು ಅಕ್ಷರ ಮಾರ್ಗದ ಗುರುತು. ಉಳಿದ ಏಳು ಆಯಾ ಮಾರ್ಗದ ಎಣಿಕೆ. ಒಂದೇ ಎಣಿಕೆ ಬೇರೆ ಬೇರೆ ಮಾರ್ಗದಲ್ಲೂ ಇರಬಹುದು. ಅರ್ಧ ನಂಬರ್ ಕೊಟ್ಟರೆ ನಮ್ಮ ಕಂಪ್ಯೂಟರ್ ಆ ಅಂಕಿಗಳಿರುವ ಟಿಕೆಟ್‌ಗಳಲ್ಲಿ ಇತ್ತೀಚಿನದೊಂದನ್ನು ತೆರೆದು ಸುಮ್ಮನಾಗುತ್ತದೆ. ಉಳಿದವೂ ಇವೆ ಎಂದು ಹೇಳುವುದಿಲ್ಲ. ನಾನು ಹೆಸರನ್ನೂ ನೋಡಿರಲಿಲ್ಲ.

ಅಕ್ಕ 'ಎಲ್ಲಾ ತೋರಿಸು' ಒತ್ತಿದರು. ಮೂರು ಟಿಕೆಟ್! ನಾನು ಹೆಸರು ಓದಲು ಬಾಯಿ ತೆರೆದೆ.

"ಶ್! ನಾವು ಹೇಳಿದ್ರೆ ಯಾರು ಬೇಕಾದ್ರೂ ಹೂಂ ಅಂತಾರೆ. ಅವರೇ ಹೇಳ್ಲಿ. ತಾತ, ಹೆಸರು? ಎಲ್ಲಿಗೆ? ಬುಕ್ ಮಾಡಿದ ಫೋನಿನ ಕೊನೇ ನಾಲ್ಕಂಕಿ?"

"ಮಗಳ ಫೋನು, ಅವಳು ಆಸ್ಪತ್ರೆ ಹತ್ರಾನೇ ಇದ್ದಾಳೆ" ಎನ್ನುತ್ತಾ ಮುದುಕ ಮೂರಕ್ಕೂ ಪಟಪಟನೆ ಉತ್ತರಿಸಿದ. ಪರದೆಯ ಎರಡನೇ ಸಾಲಿಗೆ ಮೂರೂ ಉತ್ತರ ಹೊಂದಿದವು. ದಿನಾಂಕ ಇವತ್ತಿನದೇ, ಸೀಟು ಹದಿನೇಳು, ರದ್ದಾಗಿಲ್ಲ!

"ಓಡು!" ಅಕ್ಕ ಹೊಸ ಪ್ರತಿ ಕೈಗಿಟ್ಟರು. ನನ್ನ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ತಾತನ ಕೈ. ಬಸ್ಸು ಹಾರನ್ ಹೊಡೆಯುತ್ತಿತ್ತು. ಸೀಟಿಗಾಗಿ ಕಾಯುತ್ತಿದ್ದ ಒಬ್ಬ ಆಗಲೇ ಹದಿನೇಳರ ಮೇಲೆ ಟವೆಲ್ ಹಾಕಿದ್ದ.

"ಆ ಟವೆಲ್ ತೆಗೀರಿ ಸಾರ್!" ಎಂದು ಕೂಗಿದೆ. ಕಂಡಕ್ಟರ್ ಪ್ರತಿ ನೋಡಿ, "ಇನ್ನೊಂದು ನಿಮಿಷ ಆಗಿದ್ರೆ ಬಸ್ಸಿನ ಬಾಲ ನೋಡ್ತಿದ್ರಿ" ಎಂದು ಟವೆಲನ್ನು ತಾನೇ ಎತ್ತಿಕೊಟ್ಟ.

ಏದುಸಿರು ಬಿಡುತ್ತಾ ವಾಪಸು ಬಂದು ಕ್ಷಮೆ ಕೇಳಿದೆ. "ನೀರು ಕುಡಿ. ನಾನೂ ಮೊದಲ ವಾರ ಒಬ್ಬರನ್ನ ಹೀಗೇ ವಾಪಸ್ ಕಳ್ಸಿದ್ದೆ. ಅವರು ಮತ್ತೆ ಬರ್ಲಿಲ್ಲ" ಎಂದರು ಅಕ್ಕ.

ಹದಿನೈದು ದಿನದ ಮೇಲೆ ತಾತ ಕಪ್ಪು ಕನ್ನಡಕ ಹಾಕಿಕೊಂಡು ಬಂದು, ಕಿಟಕಿಯ ಮೇಲಿದ್ದ ಬೋರ್ಡನ್ನು ಅಕ್ಷರ ಅಕ್ಷರವಾಗಿ ಗಟ್ಟಿಯಾಗಿ ಓದಿ ಹೋದ.

ಅಕ್ಕ ಈಗಲೂ ಎರಡನೇ ಕಿಟಕಿಯಲ್ಲೇ ಇದ್ದಾರೆ. ಹರಿದ, ಅಳಿಸಿಹೋದ ಟಿಕೆಟ್‌ಗಳನ್ನೆಲ್ಲ ಅವರೇ ನೋಡುತ್ತಾರೆ.