ಎಲುಬಿನ ಕಿಟಕಿಯಲ್ಲಿ ಕಾಣದ್ದು

ಅಣ್ಣ ಈಜು ಕಲಿಸುವ ಮೇಷ್ಟ್ರು. ಊರಿನ ಈಜುಕೊಳದಲ್ಲಿ ಮಕ್ಕಳೆಲ್ಲ ಅವನನ್ನು ಮೀನಣ್ಣ ಎಂದೇ ಕರೆಯುತ್ತಿದ್ದರು. ಮುಳುಗಿದನೆಂದರೆ ಕೊಳದ ಆ ತುದಿಯಲ್ಲೇ ತಲೆ ಎತ್ತುತ್ತಿದ್ದ. ಹೊಸದಾಗಿ ಸೇರಿದ ಮಕ್ಕಳು ಮೇಷ್ಟ್ರು ಸತ್ತೇ ಹೋದರೆಂದು ಕಿರುಚುವುದು, ಅವನು ಎದುರು ದಂಡೆಯಲ್ಲಿ ಬಾಯಿತುಂಬ ನೀರು ಉಗಿದು ನಗುವುದು, ಇದು ಪ್ರತಿ ವರ್ಷದ ಆಟ. ಬೀಡಿ, ಸಿಗರೇಟು ಮುಟ್ಟಿದವನಲ್ಲ. ಅಂಥವನು ಒಂದು ದಿನ ಒದ್ದೆ ಹಾಸುಗಲ್ಲಿನ ಮೇಲೆ ಜಾರಿ, ಬಲ ಭುಜ ನೆಲಕ್ಕೆ ಬಡಿದು ಬಿದ್ದ.

ಅವನ ತಂಗಿ ಸ್ಕ್ಯಾನ್ ಡಾಕ್ಟರು. ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಹಗಲಲ್ಲೂ ದೀಪ ಆರಿಸಿಟ್ಟ ಕೋಣೆಯಲ್ಲಿ ಕೂತು, ಜನರ ಒಳಗನ್ನು ಪರದೆಯ ಮೇಲೆ ನೋಡಿ ವರದಿ ಬರೆಯುವುದು ಅವಳ ಕೆಲಸ. ಆದರೆ ಅಣ್ಣ ಅಷ್ಟು ದೂರ ಬರಲಿಲ್ಲ. ಮನೆ ಹತ್ತಿರದ ಸ್ಕ್ಯಾನಿಂಗ್ ಸೆಂಟರಿನಲ್ಲೇ ಭುಜದ ಸಿ.ಟಿ. ಮಾಡಿಸಿಕೊಂಡು, ಫಿಲ್ಮ್ ಹಿಡಿದು ತಂಗಿಯ ಮನೆಗೆ ಬಂದ. ಅವಳು ಅದನ್ನು ಅಡುಗೆಮನೆಯ ಕಿಟಕಿಗೆ ಹಿಡಿದು ನೋಡಿದಳು. ಭುಜದ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು. ಎಲುಬು ನೋಡಲೆಂದೇ ತೆಗೆದ ಚಿತ್ರ, ಎಲುಬು ಸೊಗಸಾಗಿ ಕಾಣುತ್ತಿತ್ತು.

"ಏನೂ ಆಗಿಲ್ಲ ಬಿಡೋ. ಜೋಲಿ ಹಾಕಿಸ್ಕೊಂಡು ಒಂದೂವರೆ ತಿಂಗಳು ತೆಪ್ಪಗಿರು."

ಅಣ್ಣ ಪಕ್ಕದಿಂದ ಇಣುಕಿದ. "ಪುಟ್ಟಿ, ಎಲುಬಿನ ಪಕ್ಕದಲ್ಲಿ ಈ ಕಪ್ಪು ಏನೇ? ಮಸಿ ಸುರಿದ ಹಾಗಿದೆ."

"ಅದು ನಿನ್ನ ಶ್ವಾಸಕೋಶದ ತುದಿ. ಗಾಳಿ ಕಪ್ಪಗೇ ಕಾಣೋದು."

"ಅಬ್ಬಾ! ಇಷ್ಟೊಂದು ಕತ್ತಲೆ ಇಟ್ಕೊಂಡು ಓಡಾಡ್ತಿದೀನಾ ನಾನು?"

ಇಬ್ಬರೂ ನಕ್ಕರು. ಫಿಲ್ಮ್ ಲಕೋಟೆಗೆ ಹೋಯಿತು.

ಎರಡು ವರ್ಷದ ಮೇಲೆ ಅವನಿಗೆ ಕೆಮ್ಮು ಹತ್ತಿಕೊಂಡಿತು. ಕೊಳದ ನೀರಿನ ಔಷಧಿ ಆಗಿ ಬರುತ್ತಿಲ್ಲ ಎಂದು ಅವನೇ ಕಾರಣ ಹೇಳಿಕೊಂಡ. ಆಮೇಲೆ ತಲೆನೋವು, ಆಮೇಲೆ ಒಂದು ಬೆಳಿಗ್ಗೆ ಎಡಗೈಯಲ್ಲಿ ಲೋಟ ನಿಲ್ಲಲಿಲ್ಲ. ಈ ಸಲ ತಂಗಿಯ ಆಸ್ಪತ್ರೆಗೇ ತಂದರು. ತಲೆಯ ಸ್ಕ್ಯಾನ್ ಅವಳ ಕಣ್ಣೆದುರೇ ಪರದೆಗೆ ಬಂತು. ಮಿದುಳು ಕಾಣುವಂತೆ ಹೊಂದಿಸಿದ ವಿಂಡೋದಲ್ಲಿ ಬುರುಡೆ ಬರೀ ಸುಣ್ಣದ ಬಳೆ, ಒಳಗೆ ಬೂದು. ಆ ಬೂದುಬಣ್ಣದಲ್ಲಿ ಮೂರು ಕಡೆ ನೀರು ಜಿನುಗಿದ ಗೋಡೆಯ ಹಾಗೆ ಮಬ್ಬು ಕಲೆ. ಮೂಲ ಎಲ್ಲಿಯದೆಂದು ಹುಡುಕಿದಾಗ ಬಲ ಶ್ವಾಸಕೋಶದ ತುದಿಯಲ್ಲಿ ಗಡ್ಡೆ ಸಿಕ್ಕಿತು. ಮಳೆಗಾಲ ಮುಗಿಯುವ ಮೊದಲೇ ಅಣ್ಣ ಹೋದ.

ಎಲ್ಲ ಕಾರ್ಯ ಮುಗಿದು ಮನೆ ಖಾಲಿಯಾದ ಮೇಲೆ ಅತ್ತಿಗೆ ಬಂದಳು. ಅತ್ತಿಗೆ ಹೊಲಿಗೆಯವಳು, ಮಾತು ಕಡಿಮೆ. ಕೈಚೀಲದಿಂದ ಆ ಹಳೆಯ ಲಕೋಟೆ ತೆಗೆದು ಮೇಜಿನ ಮೇಲಿಟ್ಟಳು. ಫಿಲ್ಮಿನ ಜೊತೆಗೆ, ಯಾರೂ ಗಮನಿಸದೆ ಉಳಿದಿದ್ದ ಒಂದು ಸಿ.ಡಿ. ಕೂಡ ಇತ್ತು.

"ಅವರು ಬಿದ್ದಾಗ ತೆಗೆಸಿದ್ದು. ಬಲಗಡೇದೇ ಅಲ್ವಾ? ಗಡ್ಡೆ ಬಂದಿದ್ದೂ ಬಲಗಡೆಗೇ. ಪುಟ್ಟಿ, ಅದು ಆವಾಗಲೇ ಇತ್ತಾ?"

"ಫಿಲ್ಮಿನಲ್ಲಿ ಗೊತ್ತಾಗಲ್ಲ ಅತ್ತಿಗೆ."

"ಯಾಕೆ? ಆ ಜಾಗ ಅದರಲ್ಲಿ ಇದೆ ತಾನೆ?"

ಅವಳು ತಿಳಿಸಿ ಹೇಳಿದಳು. ಯಂತ್ರ ಚಿತ್ರ ತೆಗೆಯುವುದಿಲ್ಲ, ಮೈಯನ್ನು ಪದರ ಪದರವಾಗಿ ಅಳೆಯುತ್ತದೆ. ಮೈಯ ಒಂದೊಂದು ಚುಕ್ಕೆಗೂ ಒಂದೊಂದು ಅಂಕಿ ಕೊಡುತ್ತದೆ. ನೀರಿಗೆ ಸೊನ್ನೆ, ಗಾಳಿಗೆ ಮೈನಸ್ ಸಾವಿರ, ಗಟ್ಟಿ ಎಲುಬಿಗೆ ಸಾವಿರದ ಮೇಲೆ. ಅಷ್ಟು ಅಂಕಿಗಳನ್ನೂ ಒಟ್ಟಿಗೇ ಕಪ್ಪಿನಿಂದ ಬಿಳುಪಿನವರೆಗೆ ಹರಡಿದರೆ ಮನುಷ್ಯರ ಕಣ್ಣಿಗೆ ಎಲ್ಲ ಒಂದೇ ಬೂದು. ಅದಕ್ಕೇ ಒಂದು ತುಂಡನ್ನು ಆರಿಸಿಕೊಳ್ಳಬೇಕು, ಅದೇ ವಿಂಡೋ, ನೋಡುವ ಕಿಟಕಿ. ಆ ತುಂಡಿನ ನಡು ಎಲ್ಲಿ, ಅದು ಲೆವೆಲ್. ತುಂಡು ಎಷ್ಟು ಅಗಲ, ಅದು ವಿಡ್ತ್. ತುಂಡಿಗಿಂತ ಮೇಲಿನದೆಲ್ಲ ಅಚ್ಚ ಬಿಳಿ, ಕೆಳಗಿನದೆಲ್ಲ ಅಚ್ಚ ಕಪ್ಪು.

"ಮಿದುಳಿನಲ್ಲಿ ಒಳ್ಳೇ ಭಾಗಕ್ಕೂ ಕೆಟ್ಟ ಭಾಗಕ್ಕೂ ಹತ್ತಿಪ್ಪತ್ತು ಅಂಕಿಯ ವ್ಯತ್ಯಾಸ ಅಷ್ಟೇ. ಅದಕ್ಕೆ ಸೊನ್ನೆಯಿಂದ ಎಂಬತ್ತರವರೆಗೆ ಮಾತ್ರ ನೋಡ್ತೀವಿ, ತೀರಾ ಕಿರಿದು. ಎಲುಬಿಗೆ ಎರಡು ಸಾವಿರ ಅಗಲ ಬೇಕು, ಮೈನಸ್ ಆರುನೂರರಿಂದ ಸಾವಿರದ ನಾನೂರರ ತನಕ. ಶ್ವಾಸಕೋಶ ಇರೋದೇ ಮೈನಸ್ ಎಂಟುನೂರರ ಆಸುಪಾಸಿನಲ್ಲಿ. ಎಲುಬಿನ ವಿಂಡೋದಲ್ಲಿ ಅದು ತಳಕ್ಕಿಂತ ಕೆಳಗೆ. ಆ ಕಪ್ಪಿನೊಳಗೆ ಅಂಥದ್ದೇ ಹಗುರ ಮಚ್ಚೆ ಇದ್ರೂ ಕಪ್ಪಿಗೇ ಸೇರಿಹೋಗುತ್ತೆ. ಫಿಲ್ಮಿನ ಮೇಲೆ ಅಚ್ಚಾದ್ದು ಹಾಗೇ, ಬದಲಾಯಿಸೋಕೆ ಬರಲ್ಲ."

"ಈ ತಟ್ಟೆಯಲ್ಲಿ?"

ಅವಳು ಸಿ.ಡಿ.ಯನ್ನೇ ನೋಡಿದಳು. "ಇದರಲ್ಲಿ ಅಂಕಿಗಳೇ ಇವೆ. ನೋಡಬಹುದು."

"ಹಾಗಾದ್ರೆ ನೋಡು," ಎಂದು ಅತ್ತಿಗೆ ಎದ್ದುಹೋದಳು.

ನೋಡುವುದಕ್ಕೆ ತಂಗಿಗೆ ಧೈರ್ಯ ಸಾಲಲಿಲ್ಲ. ಸಿ.ಡಿ. ಅವಳ ಚೀಲದಲ್ಲೇ ಆಸ್ಪತ್ರೆಗೆ ಹೋಯಿತು, ಚೀಲದಲ್ಲೇ ಮನೆಗೆ ಬಂತು. ಬೇರೆಯವರ ಸ್ಕ್ಯಾನ್ ತೆರೆದಾಗ ಪಕ್ಕದಲ್ಲಿ ಯಾರೋ ಬಗ್ಗಿ ಇಣುಕಿದ ಹಾಗಾಗುತ್ತಿತ್ತು. ಕತ್ತಿನ ಹತ್ತಿರ ಈಜುಕೊಳದ ಔಷಧಿಯ ವಾಸನೆ ಸುಳಿಯುತ್ತಿತ್ತು. ಇಷ್ಟೊಂದು ಕತ್ತಲೆ ಇಟ್ಕೊಂಡು ಓಡಾಡ್ತಿದೀನಾ ನಾನು? ತಿರುಗಿದರೆ ಖಾಲಿ ಕುರ್ಚಿ. ಬಸ್ಸಿನಲ್ಲಿ ಎದುರು ಕೂತವರು ಸುಮ್ಮನೆ ಉಸಿರಾಡುತ್ತಿದ್ದರೂ ಅವರ ಅಂಗಿಯ ಹಿಂದಿನ ಕಪ್ಪು ಅವಳಿಗೆ ಕಾಣುತ್ತಿತ್ತು.

ಕೊನೆಗೊಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಸಿ.ಡಿ. ಹಾಕಿದಳು. ಎಲುಬಿನ ವಿಂಡೋದಲ್ಲೇ ತೆರೆದುಕೊಂಡಿತು. ಅದೇ ಬಿರುಕು, ಅದೇ ಮಸಿ. ಭುಜಕ್ಕೆಂದು ತೆಗೆದದ್ದಾದ್ದರಿಂದ ಶ್ವಾಸಕೋಶದ ಮೇಲ್ತುದಿ ಮಾತ್ರ ಸಿಕ್ಕಿತ್ತು. ಅವಳು ಲೆವೆಲನ್ನು ಮೈನಸ್ ಆರುನೂರಕ್ಕೆ ಇಳಿಸಿದಳು, ಅಗಲವನ್ನು ಒಂದೂವರೆ ಸಾವಿರ ಮಾಡಿದಳು.

ಎಲುಬುಗಳೆಲ್ಲ ಒಮ್ಮೆಲೇ ಬೆಳ್ಳಗೆ ಉರಿದುಹೋದವು. ಬಿರುಕು ಮಾಯ. ಮಸಿ ಇದ್ದ ಜಾಗದಲ್ಲಿ ಮೆಲ್ಲಗೆ ಒಂದು ಒಳಗು ಎದ್ದು ಬಂತು, ಕವಲೊಡೆದ ರಕ್ತನಾಳಗಳು, ಉಸಿರಿನ ಕೊಳವೆಗಳು. ಅದೇ ಪದರ, ಅದೇ ಅಣ್ಣ. ಕೊನೆಯ ಪದರಗಳಲ್ಲಿ, ಪಕ್ಕೆಲುಬಿನ ಮಗ್ಗುಲಲ್ಲಿ, ಗಾಜಿನ ಮೇಲೆ ಯಾರೋ ಉಸಿರು ಬಿಟ್ಟಂಥ ಒಂದು ಮಬ್ಬು.

ಅವಳು ಅಗಲ ಹೆಚ್ಚಿಸಿದಳು. ಮಬ್ಬು ಕರಗಿತು. ಕಡಿಮೆ ಮಾಡಿದಳು. ಮಬ್ಬು ಬಂತು. ಇನ್ನೂ ಕಡಿಮೆ ಮಾಡಿದಳು. ಈಗ ಎಲ್ಲೆಲ್ಲೂ ಮಬ್ಬುಗಳೇ ಮೊಳೆತವು.

ಮರುದಿನವೂ ಊಟ ಬಿಟ್ಟು ಅದೇ ಮಾಡಿದಳು. ಅದರ ಮರುದಿನವೂ. ಅವಳಿಗೆ ಕೆಲಸ ಕಲಿಸಿದ ಹಿರಿಯ ಡಾಕ್ಟರೊಬ್ಬರು ಅಲ್ಲೇ ಇದ್ದರು, ಎಲ್ಲರೂ ತಾತ ಅನ್ನುತ್ತಿದ್ದರು. ಒಂದು ದಿನ ಅವರು ಅವಳ ಹಿಂದೆ ಬಂದು ನಿಂತರು.

"ಯಾರಮ್ಮ ಇದು?"

"ಅಣ್ಣ."

ತಾತ ಕುರ್ಚಿ ಎಳೆದುಕೊಂಡರು. "ಅಗಲ ಕಿರಿದು ಮಾಡ್ತಾ ಹೋದ್ರೆ ಯಾರ ಎದೆಯಲ್ಲಾದ್ರೂ ಏನಾದ್ರೂ ಕಾಣುತ್ತಮ್ಮ. ಅದರಲ್ಲೂ ಇದು ಎಲುಬಿಗೆ ಅಂತ ಹರಿತ ಮಾಡಿದ ಚಿತ್ರ, ಮೈಯೆಲ್ಲ ಮರಳು ಮರಳು, ಇಲ್ಲದ ಚುಕ್ಕೆಗಳೂ ಕಾಣುತ್ವೆ. ನೀನು ನಿನ್ನಣ್ಣ ಎದ್ದು ಬರೋ ತನಕ ವಿಂಡೋ ತಿರುಗಿಸ್ತಿದೀಯ. ಕಣ್ಣನ್ನ ನಂಬಬೇಡ. ಅಳೆದು ನೋಡು. ವಿಂಡೋ ಎಷ್ಟು ಬದಲಾದ್ರೂ ಅಂಕಿ ಬದಲಾಗಲ್ಲ."

ಅವಳು ಮಬ್ಬಿನ ಮೇಲೆ ಪುಟ್ಟ ವೃತ್ತ ಎಳೆದಳು. ಸರಾಸರಿ ಮೈನಸ್ ಆರುನೂರ ನಲವತ್ತು. ಪಕ್ಕದ ಒಳ್ಳೆಯ ಭಾಗದ ಮೇಲೆ ಎಳೆದಳು. ಮೈನಸ್ ಎಂಟುನೂರ ಐವತ್ತು. ಮೇಲಿನ ಪದರ, ಕೆಳಗಿನ ಪದರ, ಅಲ್ಲೂ ಹಾಗೇ. ಮರಳಾಗಿದ್ದರೆ ಪದರದಿಂದ ಪದರಕ್ಕೆ ಚೆದುರಿಹೋಗಬೇಕಿತ್ತು. ಇದು ಒಂದೇ ಜಾಗದಲ್ಲಿ ಕೂತಿತ್ತು. ಎಲುಬಿನ ವಿಂಡೋದ ತಳಕ್ಕಿಂತ ಬರೀ ನಲವತ್ತು ಅಂಕಿ ಕೆಳಗೆ.

ತಾತ ತಾವೇ ಇನ್ನೊಮ್ಮೆ ವೃತ್ತ ಎಳೆದು ನೋಡಿದರು. "ಇದೆ," ಎಂದರು ಆಮೇಲೆ.

ಆ ಸೆಂಟರಿನ ಡಾಕ್ಟರಿಗೆ ಅವಳೇ ಫೋನ್ ಮಾಡಿದಳು. ಜಗಳಕ್ಕೆಂದು ಮಾಡಿದ್ದು, ಜಗಳ ಬಾಯಿಗೆ ಬರಲಿಲ್ಲ. ಆ ಕಡೆಯವರು ಚಿತ್ರ ತೆರೆದು, ಅವಳು ಹೇಳಿದ ವಿಂಡೋಗೆ ಹಾಕಿ, ಉಸಿರು ಬಿಟ್ಟದ್ದು ಕೇಳಿಸಿತು. "ಭುಜ ಕೇಳಿದ್ರು, ಭುಜ ನೋಡಿದ್ವಿ ಮೇಡಂ," ಎಂದಿತು ದನಿ. ಆಮೇಲೆ, "ಇನ್ಮೇಲೆ ಶ್ವಾಸಕೋಶಾನೂ ನೋಡ್ತೀವಿ," ಎಂದಿತು.

ಅತ್ತಿಗೆಗೆ ಹೇಳಿದಾಗ ಅತ್ತಿಗೆ ಅಳಲಿಲ್ಲ. ತಾನೂ ನೋಡಬೇಕು ಎಂದಳು. ನೆಲಮಾಳಿಗೆಯ ಕೋಣೆಯಲ್ಲಿ ತಾತನ ಕುರ್ಚಿಯಲ್ಲಿ ಕೂತು, ಮಬ್ಬನ್ನು ತುಂಬ ಹೊತ್ತು ನೋಡಿದಳು.

"ಆಗಲೇ ಈ ಗಡ್ಡೆ ತೆಗೆಸಿದ್ರೆ ಉಳೀತಿದ್ರಾ?"

"ಉಳಿಯೋ ಸಾಧ್ಯತೆ ಇತ್ತು ಅತ್ತಿಗೆ. ಖಂಡಿತ ಅಂತ ಹೇಳೋಕಾಗಲ್ಲ."

"ಎರಡು ವರ್ಷ ನಮ್ಮ ಜೊತೇಲೇ ಇತ್ತು ಹಾಗಾದ್ರೆ. ನಾನು ಬಡಿಸಿದ ಊಟಾನೇ ತಿಂದ್ಕೊಂಡು, ಅವರ ಪಕ್ಕದಲ್ಲೇ ಮಲಗ್ಕೊಂಡು." ಅವಳ ದನಿ ಏರಲಿಲ್ಲ. "ಇದನ್ನ ಮೊದಲಿನ ಹಾಗೆ ಮಾಡು."

ತಂಗಿ ಎಲುಬಿನ ವಿಂಡೋಗೆ ಮರಳಿಸಿದಳು. ಮಬ್ಬು ಕಪ್ಪಿನೊಳಗೆ ಇಳಿದುಹೋಯಿತು. ಭುಜದ ಮೂಳೆ ಬೆಳ್ಳಗೆ, ಗಟ್ಟಿಯಾಗಿ, ಒಂದು ಬಿರುಕು ಬಿಟ್ಟರೆ ಕೊರತೆಯಿಲ್ಲದೆ ನಿಂತಿತು.

"ಇದು ಅವರು," ಎಂದಳು ಅತ್ತಿಗೆ. ಎದ್ದಳು. ಬಾಗಿಲ ಬಳಿ ನಿಂತು, ಹಿಂದೆ ನೋಡದೆ ಕೇಳಿದಳು, "ಈಗಲೂ ಅಲ್ಲೇ ಇದೆ ಅಲ್ವಾ, ಆ ಕಪ್ಪಲ್ಲಿ?"

"ಇದೆ ಅತ್ತಿಗೆ."

ಅಂದಿನಿಂದ ಭುಜ, ಕತ್ತು, ಬೆನ್ನು ಏನೇ ಬರಲಿ, ತಂಗಿ ಮೊದಲು ಚೀಟಿಯಲ್ಲಿ ಕೇಳಿದ್ದನ್ನು ನೋಡಿ ಮುಗಿಸಿ, ಆಮೇಲೆ ಕೇಳದ್ದನ್ನೂ ತೆರೆಯುತ್ತಾಳೆ. ವಿಂಡೋ ತಿರುಗುವಾಗ ತಾನು ಉಸಿರು ಬಿಗಿಹಿಡಿದಿರುವುದು ಅವಳಿಗೆ ಎಷ್ಟೋ ಹೊತ್ತಿನ ಮೇಲೆ ತಿಳಿಯುತ್ತದೆ. ಅತ್ತಿಗೆ ಸಂಜೆ ಹೊತ್ತು ಫೋನ್ ಮಾಡತೊಡಗಿದಳು. ಊಟ ಆಯ್ತಾ, ತಿಂಡಿ ಆಯ್ತಾ ಏನೂ ಇಲ್ಲ. ಒಂದೇ ಪ್ರಶ್ನೆ, "ಇವತ್ತು ಯಾರಲ್ಲಾದ್ರೂ ಸಿಕ್ತಾ, ಅಂಥದ್ದು?" ಇಲ್ಲ ಎಂದರೆ ಹೂಂ ಎಂದು ಇಟ್ಟುಬಿಡುತ್ತಿದ್ದಳು. ತಿಂಗಳುಗಟ್ಟಲೆ ಉತ್ತರ ಇಲ್ಲ ಎಂದೇ ಆಗಿತ್ತು.

ಒಂದು ದಿನ ಬಸ್ಸಿನ ಮೆಟ್ಟಿಲಿಂದ ಬಿದ್ದು ಕೊರಳೆಲುಬು ಮುರಿದುಕೊಂಡ ಕಂಡಕ್ಟರೊಬ್ಬ ಬಂದ. ಮೂಳೆ ಅಂಥ ಕಷ್ಟದ್ದೇನಲ್ಲ. ವಿಂಡೋ ಬದಲಿಸಿದಾಗ ಎಡಗಡೆ, ತುದಿಯಲ್ಲಿ, ಉಸಿರು ಬಿಟ್ಟಂಥ ಮಬ್ಬು. ಅಳೆದಳು. ಪದರ ಪದರ ನೋಡಿದಳು. ತಾತನನ್ನು ಕರೆದು ತೋರಿಸಿದಳು. ಎದೆಯ ಸರ್ಜನ್‌ಗೆ ತಾನೇ ಹೋಗಿ ಹೇಳಿ ಬಂದಳು. ಕಂಡಕ್ಟರ್ ಮಾತ್ರ ಹೊರಗಿನ ಬೆಂಚಿನ ಮೇಲೆ ಕೂತು, ಎಲುಬು ಮುರಿದರೆ ಎದೆ ಡಾಕ್ಟರು ಯಾಕೆ ಎಂದು ಸಿಕ್ಕವರನ್ನೆಲ್ಲ ಕೇಳುತ್ತಿದ್ದ.

ಸಂಜೆ ಫೋನ್ ಬಂತು.

"ಇವತ್ತು?"

"ಸಿಕ್ತು ಅತ್ತಿಗೆ. ಚಿಕ್ಕದು. ತೆಗೀತಾರೆ."

ಆ ಕಡೆ ಓಡುತ್ತಿದ್ದ ಹೊಲಿಗೆ ಯಂತ್ರ ನಿಂತಿತು.

"ಅವನಿಗೆ ಹೆಂಡ್ತಿ ಇದಾಳಾ?" ಎಂದು ಅತ್ತಿಗೆ ಕೇಳಿದಳು.