ಒಡೆದ ಅಕ್ಷರಗಳಲ್ಲಿ ಸಿಕ್ಕ ಪಟ್ಟಿ

ಪುಟ್ಟಿ, ಗುಂಡಣ್ಣ, ಈ ಸಂಗತಿಯನ್ನು ನಿಮಗೆ ಬಾಯಲ್ಲಿ ಹೇಳಲು ಹೋದಾಗಲೆಲ್ಲ ಅರ್ಧಕ್ಕೇ ನನಗೆ ನಗು ಬಂದುಬಿಡುತ್ತದೆ, ನೀವು ಬೇಸರಪಟ್ಟು ಎದ್ದು ಹೋಗುತ್ತೀರಿ. ಬರೆದರೆ ನಗು ಬಂದಾಗ ಪೆನ್ನು ಕೆಳಗಿಟ್ಟು, ನಕ್ಕು, ಮತ್ತೆ ಮುಂದುವರಿಸಬಹುದು. ಈಗಾಗಲೇ ಒಮ್ಮೆ ಕೆಳಗಿಟ್ಟಿದ್ದೇನೆ.

ನಿಮ್ಮಜ್ಜ ತೀರಿಕೊಂಡ ಮೇಲೆ ನಾನು ದಾವಣಗೆರೆಯ ಒಂದು ಲಗ್ನಪತ್ರಿಕೆ ಪ್ರೆಸ್ಸಿಗೆ ಕರಡು ತಿದ್ದಲು ಸೇರಿದ್ದು ನಿಮಗೆ ಗೊತ್ತು. ಹಳ್ಳಿ ಶಾಲೆಯಲ್ಲಿ ಏಳನೇ ತರಗತಿ ಓದಿದವಳಿಗೆ ಅದೇ ದೊಡ್ಡ ಕೆಲಸ. ಪ್ರೆಸ್ಸಿನ ಮಾಲೀಕರನ್ನು ಎಲ್ಲರೂ ಸಾಹೇಬ್ರು ಎನ್ನುತ್ತಿದ್ದರು. ಅವರ ತಂದೆಯ ಕಾಲದಿಂದ ನಮ್ಮೂರ ಅರ್ಧ ಮದುವೆಗಳ ಪತ್ರಿಕೆ ಅವರಲ್ಲೇ ಅಚ್ಚಾಗಿವೆ. ನಾಲ್ಕು ಜನರೆದುರು ಬಾಯಿ ಬಿಡಲು ನಾಚುವ ನನಗೆ ಅವರು ಕಂಪ್ಯೂಟರ್ ಕಲಿಸಿ, ಬರುವ ಮೇಲ್‌ಗಳನ್ನೆಲ್ಲ ಒಪ್ಪಿಸಿದರು. ಗಿರಾಕಿಗಳ ಎದುರು ಕೂರುವುದಕ್ಕಿಂತ ಅದು ನನಗೆ ಹಿತವಾಗಿತ್ತು. ಮೇಲ್ ಯಾರನ್ನೂ ದಿಟ್ಟಿಸಿ ನೋಡುವುದಿಲ್ಲ.

ಒಂದು ಬೆಳಿಗ್ಗೆ ಹರಿಹರದಿಂದ ಒಬ್ಬ ಗೌಡರು ಬಂದರು. ಬಿಳಿ ಪಂಚೆ, ಕಂಕುಳಲ್ಲಿ ಕೊಡೆ.

"ಮುಹೂರ್ತ ಗಟ್ಟಿ ಆತ್ರಿ. ಅವತ್ತು ಕಳಿಸಿದ್ನಲ್ಲ ಪಟ್ಟಿ, ಹಾಕಿಬಿಡ್ರಿ. ಸಂಜಿಗೆ ಕರಡು ಬೇಕು."

ಪಟ್ಟಿ ಎಂದರೆ ಪತ್ರಿಕೆಯ ಕೆಳಗೆ ಬರುವ, ಅತಿಥಿಗಳ ಆಗಮನ ಬಯಸುವ ಮನೆಯವರ ಹೆಸರುಗಳು. ಅವರ ಪಟ್ಟಿ ಸುಮ್ಮನೆ ಆದದ್ದಲ್ಲ. ಗೌಡರೂ ಅವರ ಅಣ್ಣನೂ ಒಂಬತ್ತು ವರ್ಷ ಮಾತು ಬಿಟ್ಟಿದ್ದವರು. ಗೌಡರ ಮೊಮ್ಮಗಳ ಮದುವೆಗೆಂದು ಹಿರಿಯರು ಇಬ್ಬರನ್ನೂ ಎರಡು ಸಲ ಕೂಡಿಸಿ, ಯಾರ ಹೆಸರು ಮೊದಲು, ಯಾರದು ಆಮೇಲೆ, ಯಾವ ಸೊಸೆ ಯಾವ ಸಾಲಿನಲ್ಲಿ ಎಂದು ಮೂವತ್ತೊಂದು ಹೆಸರುಗಳಿಗೆ ಜಾಗ ಗೊತ್ತುಮಾಡಿದ್ದರು. ಹರಿಹರದ ಟೈಪಿಂಗ್ ಅಂಗಡಿಯಲ್ಲಿ ಇಬ್ಬರ ಎದುರಿಗೇ ಅದನ್ನು ಟೈಪ್ ಮಾಡಿಸಿ ನಮಗೆ ಕಳಿಸಿ, ಕೈಯಲ್ಲಿ ಬರೆದಿದ್ದ ಮೂಲ ಚೀಟಿಯನ್ನು, ಯಾರೂ ಆಮೇಲೆ ತಿದ್ದಬಾರದೆಂದು, ಹರಿದು ತುಂಗಭದ್ರೆಗೆ ಬಿಟ್ಟಿದ್ದರು!

"ಹೊಳಿಗೇನ್ರಿ?" ಎಂದರು ಸಾಹೇಬ್ರು.

"ಮತ್ತೆ? ಕಿಸೇದಾಗಿಟ್ರೆ ತಿದ್ದಾರು ಅಂತ ಅಣ್ಣಗ ಅನುಮಾನ. ಅಂಗಡ್ಯಾಗೂ ಅಳಿಸಿಬಿಡು ಅಂದ. ಸಂಜಿಗೆ ನಮ್ಮನಿಗೆ ಬರ್ತಾನ, ಕರಡು ನೋಡಾಕ. ಒಂದ್ ಹೆಸರು ಹಿಂದುಮುಂದಾದ್ರೂ ಎದ್ದು ಹೋಗ್ತಾನ ನೋಡ್ರಿ."

ನನಗೆ ಭಯವಾಗಲಿಲ್ಲ. ಆ ಮೇಲ್ ನಾನೇ ಓದಿದ್ದೆ. ವರನ ಕಡೆಯವರು ಲೋಕಿಕೆರೆ ಎಂದು ಅದರಲ್ಲಿ ಇದ್ದದ್ದು ಕಣ್ಣಿಗೆ ಕಟ್ಟಿದಂತಿತ್ತು.

"ಬಂದೈತ್ರಿ. ಓದೀನಿ," ಎಂದೆ. ಅಪರಿಚಿತರ ಎದುರು ನಾನಾಡಿದ ಅತಿ ಉದ್ದದ ಮಾತು ಅದು.

ಮೇಲ್‌ನ ಸರ್ಚ್‌ನಲ್ಲಿ ಕನ್ನಡದಲ್ಲೇ ಲೋಕಿಕೆರೆ ಎಂದು ಹಾಕಿದೆ. ಬಾಲವಿಲ್ಲದೆ, ಬರೀ ಊರ ಹೆಸರು. ಲೋಕಿಕೆರೆಯವರು, ಲೋಕಿಕೆರೆಗೆ ಎಂದೆಲ್ಲ ಇದ್ದರೆ ಅದು ಬೇರೆ ಪದವೆಂದು ಸರ್ಚ್ ದಾಟಿ ಹೋಗುವುದನ್ನು ಹಿಂದೆ ಕಂಡಿದ್ದೆ. ಒಂದೇ ಒಂದು ಮೇಲ್ ಬಂತು, ಯಾರೋ ಮೊಬೈಲಿನಿಂದ ಕಳಿಸಿದ ಗೃಹಪ್ರವೇಶದ್ದು. ಹರಿಹರ ಎಂದು ಹಾಕಿದೆ. ಬೇರೆಯವೆಲ್ಲ ಬಂದವು, ಅದು ಬರಲಿಲ್ಲ.

ಸಾಹೇಬ್ರು ಮೆಲ್ಲಗೆ ಕೇಳಿದರು, "ಅಕ್ಕಾರೆ, ಬೆಳಿಗ್ಗೆ ಜಾಹೀರಾತಿನ ಮೇಲ್ ಅಳಿಸ್ತೀರಲ್ಲ, ಅದರ ಜೊತಿಗೆ..."

ನನ್ನ ಕಿವಿ ಬಿಸಿಯಾದವು. ಸರ್ಚ್ ತಾನಾಗಿ ಕಸದ ಬುಟ್ಟಿಯೊಳಗೆ ಹುಡುಕುವುದಿಲ್ಲವಲ್ಲ, ಅದನ್ನೂ ತೆರೆದು ನೋಡಿದೆ. ಸ್ಪ್ಯಾಮ್ ನೋಡಿದೆ. ಸೀರೆ ಅಂಗಡಿಗಳು, ಸಾಲ ಕೊಡುವವರು, ಅಷ್ಟೇ.

ಹರಿಹರದ ಟೈಪಿಂಗ್ ಅಂಗಡಿಯವನಿಗೆ ಫೋನ್ ಮಾಡಿದರೆ ಎತ್ತಲಿಲ್ಲ, ಮದುವೆಗೆ ಹೋಗಿದ್ದನೆಂದು ಆಮೇಲೆ ತಿಳಿಯಿತು. ಅವನ ವಿಳಾಸ ಹಾಕಿ ಹುಡುಕಿದರೆ ನೂರಾರು ಮೇಲ್. ಲಗ್ನದ ಕಾಲ, ಹರಿಹರದ ಪತ್ರಿಕೆಗಳೆಲ್ಲ ಅವನಿಂದಲೇ ಬರುತ್ತಿದ್ದವು. ಯಾವ ದಿನ ಕಳಿಸಿದ್ದೆಂದು ಗೌಡರಿಗೆ ನೆನಪಿಲ್ಲ. ತೆರೆಯುವ ಮೊದಲು ಹೊರಗೆ ಕಾಣುವ ವಿಷಯದ ಸಾಲು ನೋಡಿ ಗುರುತಿಸೋಣವೆಂದರೆ, ಅವನ ಪ್ರತಿ ಮೇಲ್‌ನ ಸಾಲೂ ಒಡೆದ ಇಂಗ್ಲಿಷ್ ಅಕ್ಷರಗಳು. ಕೆಲವಕ್ಕೆ ತಲೆ ಮೇಲೆ ಟೋಪಿ, ಕೆಲವಕ್ಕೆ ಎರಡು ಚುಕ್ಕೆ. ತೆರೆದರೆ ಮಾತ್ರ ಒಳಗೆ ಮುತ್ತಿನಂಥ ಕನ್ನಡ.

"ನಿಮ್ಮ ಮಿಷನ್ ನನ್ನ ಬಳಗಾನ ನುಂಗೈತಿ," ಎಂದು ಗೌಡರು ಕೊಡೆ ಕುಟ್ಟಿದರು.

"ನೀವು ಹೊಳಿಗೆ ಹಾಕಿದ್ರಿ, ಅದು ಹೊಟ್ಟಿಗೆ ಹಾಕ್ಕಂಡೈತಿ," ಎಂದರು ಸಾಹೇಬ್ರು.

ಒಂದೊಂದೇ ತೆರೆಯುತ್ತ ಹೋದೆ. ಮಧ್ಯಾಹ್ನವಾಯಿತು. ಅರವತ್ತು ದಾಟಿರಬೇಕು. ನಡುವೆ ಮತ್ತೊಮ್ಮೆ ಲೋಕಿಕೆರೆ ಎಂದು ಸರ್ಚ್‌ನಲ್ಲಿ ಹಾಕಲು ಹೋದೆ. ಅವಸರದಲ್ಲಿ ಟೈಪಿಂಗ್ ಬಗೆ ಬದಲಿಸುವುದನ್ನು ಮರೆತಿದ್ದೆ. ನಮ್ಮಲ್ಲಿ ಎರಡು ಬಗೆಯಿತ್ತು: ಪತ್ರಿಕೆ ಜೋಡಿಸುವ ಹಳೆಯ ಪ್ರೋಗ್ರಾಮಿಗೆ ಹಳೆಯ ಬಗೆ, ಮೇಲ್‌ಗೆ ಹೊಸದು. ಹಳೆಯದರಲ್ಲಿ ಹೊಡೆದದ್ದರಿಂದ ಲೋಕಿಕೆರೆಯ ಬದಲು ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳು ಮೂಡಿದವು. ಹೀಗೆ ಎಷ್ಟು ಸಲವೋ ಆಗಿತ್ತು. ಪ್ರತಿ ಸಲ ಥೂ ಎಂದು ಅಳಿಸುತ್ತಿದ್ದೆ.

ಈ ಸಲ ಅಳಿಸುವ ಕೀಲಿಯ ಮೇಲೆ ಬೆರಳು ನಿಂತಿತು. ಕೆಳಗೆ ಆ ಅಂಗಡಿಯವನ ಮೇಲ್‌ಗಳ ಸಾಲು. ಅಲ್ಲೂ ಅವೇ ಟೋಪಿ, ಅವೇ ಚುಕ್ಕೆ. ಮಾಡುವುದೋ ಬೇಡವೋ ಎಂದು ಅಳುಕುತ್ತಲೇ ಎಂಟರ್ ಒತ್ತಿದೆ.

ಮೂರು ಮೇಲ್ ಬಂದವು. ಎರಡನೆಯದನ್ನು ತೆರೆದೆ. ಮೂವತ್ತೊಂದು ಹೆಸರು!

"ಸಿಕ್ತು! ಸಿಕ್ತು! ಬರ್ರಿ ಇಲ್ಲಿ!"

ಯಾರು ಕೂಗಿದರೆಂದು ನಾನೇ ತಿರುಗಿ ನೋಡಿದೆ, ಮಕ್ಕಳೇ. ಅಚ್ಚಿನ ಯಂತ್ರದ ಸದ್ದನ್ನೂ ಮೀರಿ ಕೂಗಿದವಳು ನಾನೇ. ಸಾಹೇಬ್ರು ಓಡಿ ಬಂದರು, ಸರ್ಚ್‌ನಲ್ಲಿದ್ದ ಆ ಕಲಸುಮೇಲೋಗರ ನೋಡಿದರು, ಹಣೆ ಹಣೆ ಬಡಿದುಕೊಂಡರು.

"ಯಾ ಅಲ್ಲಾ! ಅವನೂ ನಮ್ಮಂಗ ಹಳೇ ಫಾಂಟಿನಾಗ ಹೊಡೀತಾನ. ಒಳಗಿರಾದು ಇಂಗ್ಲಿಷ್ ಅಕ್ಷರ, ಮ್ಯಾಲೆ ಕನ್ನಡದ ಅಂಗಿ. ಆ ಅಂಗಿ ನಮ್ಮ ಕಂಪ್ಯೂಟರಿನಾಗ ಐತಿ ಅಂತ ನಮ್ಮ ಕಣ್ಣಿಗೆ ಕನ್ನಡ. ಸರ್ಚ್ ಅಂಗಿ ನೋಡಲ್ಲ, ಮೈ ನೋಡ್ತೈತಿ. ಇಪ್ಪತ್ತು ವರ್ಷದಿಂದ ಇದ್ರಾಗ ಅದೀನಿ, ನನಗ ಹೊಳೀಲಿಲ್ಲ ಅಕ್ಕಾರೆ!"

"ಯವ್ವಾ, ನಮ್ಮಣ್ಣ ಎಲ್ಲಿ ಅದಾನ?" ಎಂದು ಗೌಡರು ಕನ್ನಡಕ ಹುಡುಕತೊಡಗಿದರು.

"ಮೊದಲನೇರು ಅವ್ರೇ ಅದಾರ್ರಿ," ಎಂದೆ.

"ಅದ! ಅದ! ನಾನ ಇಡಿಸಿದ್ದು. ಬೇರೆ ಯಾರೂ ಹೇಳಿಲ್ಲ, ನಾನ ಹೇಳಿದ್ದು." ಅವರ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. ಮೂವತ್ತೊಂದನ್ನೂ ಗಟ್ಟಿಯಾಗಿ ಓದಿಸಿದರು. ಒಂದೊಂದು ಹೆಸರಿಗೂ ಯಂತ್ರದ ಬಳಿ ಕೆಲಸಕ್ಕಿದ್ದ ಹುಡುಗಿಯರು ಹೂಂ ಎಂದರು. ಕೊನೆಯ ಹೆಸರಿಗೆ ಬರುವಷ್ಟರಲ್ಲಿ ನನಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ತುರುಕಿಕೊಂಡರೂ ಬಿಡಲಿಲ್ಲ. ಗೌಡರೂ ನಕ್ಕರು. ಸಾಹೇಬ್ರು ನಗುತ್ತ ಕುರ್ಚಿಯಿಂದ ಜಾರಿದರು.

ಕರಡು ಹಿಡಿದು ಅವರು ನಾಲ್ಕರ ಬಸ್ಸಿಗೆ ಹೋದರು. ಮರುದಿನ ಬೆಳಿಗ್ಗೆ ಫೋನ್ ಬಂತು. ಸಾಹೇಬ್ರು ನನ್ನ ಕೈಗೇ ಕೊಟ್ಟರು. ಆ ಕಡೆ ಕೇಳಿದ್ದು ಗೌಡರ ದನಿಯಲ್ಲ, ಇನ್ನೂ ಮುದಿಯಾದ ದನಿ. "ಪಟ್ಟಿ ಸರಿ ಐತೆವ್ವಾ. ಐದುನೂರು ಹಾಕ್ರಿ. ನಾವಿಬ್ರೂ ಕೂಡಿ ಹಂಚ್ತೀವಿ."

ಈ ಹಾಳೆಗಳ ಒಂದೇ ಪ್ರತಿ ಇರುವುದು. ನೀವು ಕಂಪ್ಯೂಟರಿಗೆ ಹಾಕುವುದಾದರೆ ಹೊಸ ಅಕ್ಷರದಲ್ಲೇ ಹಾಕಿ, ನಿಮ್ಮ ಮಕ್ಕಳು ಹುಡುಕಿದರೆ ಸಿಗಲಿ. ಹಾಕಿದ ಮೇಲೂ ಕಾಗದವನ್ನು ಬಿಸಾಡಬೇಡಿ ನನ್ನಪ್ಪಗಳಿರಾ. ನೀರು ತಾಗದ ಕಡೆ, ಇಬ್ಬರಿಗೂ ಗೊತ್ತಿರುವ ಜಾಗದಲ್ಲಿ, ಜೋಪಾನವಾಗಿ ಇಡಿ.