ಮಾವನ ಬೋರ್ಡಿನ ಕೊನೆಯ ಎಸ್

ವನಜಾಕ್ಷಿಗೆ ಬೋರ್ಡು ಓದುವ ಚಟ. ಪಾವಗಡದ ಕಡೆಯ ರಾಯಚರ್ಲಿನಿಂದ ಮಧುಗಿರಿಗೆ ಸೊಸೆಯಾಗಿ ಬಂದವಳು, ಹತ್ತಿರದ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ಬಸ್ಸಿನ ಕಿಟಕಿಯ ಪಕ್ಕ ಕೂತರೆ ಬೇಕರಿ, ಮೆಡಿಕಲ್ಲು, ಟೈಲರ್ ಅಂಗಡಿ ಯಾವುದನ್ನೂ ಬಿಡದೆ ಮನಸ್ಸಿನಲ್ಲೇ ಕೆಂಪು ಪೆನ್ನು ಹಿಡಿದು ತಿದ್ದುತ್ತ ಹೋಗುವಳು. ಇಂಥವಳ ಗಂಡನ ಮನೆಯ ಅಂಗಡಿಯ ಮೇಲೇ, ಕಳೆದ ಆಯುಧಪೂಜೆಯ ದಿನ, ಮೊಳದುದ್ದದ ಇಂಗ್ಲಿಷ್ ಅಕ್ಷರಗಳು ಬಂದು ಕೂತವು: ಶ್ರೀ ಲಕ್ಷ್ಮೀ ಫರ್ನಿಚರ್ಸ್. ಒಂದೊಂದು ಅಕ್ಷರದ ಹೊಟ್ಟೆಯಲ್ಲೂ ಒಂದೊಂದು ದೀಪ.

ಮಾವ ಜಯರಾಮಯ್ಯ ರಸ್ತೆಯ ಆಚೆ ನಿಂತು, ಸೊಂಟದ ಮೇಲೆ ಕೈಯಿಟ್ಟು, “ಹೆಂಗೈತಮ್ಮ?” ಎಂದು ಕೇಳಿದರು. ಕೊನೆಯ ಎಸ್ ವನಜಾಕ್ಷಿಯ ಕಣ್ಣಿಗೆ ಮುಳ್ಳಿನಂತೆ ಚುಚ್ಚಿತು. ಹಬ್ಬದ ದಿನ ಬೇಡವೆಂದು “ಚೆನ್ನಾಗೈತೆ ಮಾವ” ಅಂದುಬಿಟ್ಟಳು. ಆ ಮಾತಿಗೆ ಮುಂದೆ ಬಡ್ಡಿ ಸಮೇತ ತೆತ್ತಳು.

ಹತ್ತನೇ ತರಗತಿಯಲ್ಲಿ ಪ್ಯಾಸೇಜು ತಿದ್ದುವ ಪ್ರಶ್ನೆಯನ್ನು ಅಭ್ಯಾಸ ಮಾಡಿಸುತ್ತಿದ್ದ ದಿನ. ಮಕ್ಕಳೆಲ್ಲ ಇನ್ಫರ್ಮೇಶನ್ಸ್, ಅಡ್ವೈಸಸ್, ಫರ್ನಿಚರ್ಸ್ ಎಂದು ಧಾರಾಳವಾಗಿ ಎಸ್ ಹಂಚಿದ್ದರು. ವನಜಾಕ್ಷಿಗೆ ಕಾರಣ ಗೊತ್ತಿತ್ತು.

“ಕನ್ನಡದಲ್ಲಿ ಮಾಹಿತಿಗಳು, ಸಲಹೆಗಳು, ಪೀಠೋಪಕರಣಗಳು ಅಂತೀವಿ. ಅದಕ್ಕೇ ಇಂಗ್ಲಿಷಲ್ಲೂ ನಿಮಗೆ ಎಸ್ ಹಾಕೋಣ ಅನ್ಸುತ್ತೆ. ಇಂಗ್ಲಿಷಿನವರು ಇವನ್ನ ರಾಶಿ ಲೆಕ್ಕದಲ್ಲಿ ನೋಡ್ತಾರೆ. ರಾಗೀನ ನಾವು ಎಷ್ಟು ಸೇರು ಅಂತ ಕೇಳ್ತೀವಿ. ಎಷ್ಟು ರಾಗಿಗಳು ಅಂತ ಯಾರಾದ್ರೂ ಕೇಳ್ತೀರಾ?”

ತರಗತಿ ನಕ್ಕಿತು.

“ಅಂಗೇ ಇದೂ. ಎಣಿಸಲೇಬೇಕು ಅಂದ್ರೆ ಮುಂದೆ ಒಂದು ಅಳತೆ ಇಟ್ಕೋಬೇಕು. ಎ ಪೀಸ್ ಆಫ್ ಫರ್ನಿಚರ್. ಎರಡಾದ್ರೆ ಟೂ ಪೀಸಸ್ ಆಫ್ ಫರ್ನಿಚರ್. ಎಸ್ ಏನಿದ್ರೂ ಪೀಸಿಗೆ, ಫರ್ನಿಚರಿಗಲ್ಲ. ಅಡ್ವೈಸಿಗೂ ಇದೇ, ಇನ್ಫರ್ಮೇಶನ್ನಿಗೂ ಇದೇ.”

ಎರಡನೇ ಬೆಂಚಿನ ಮಂಜುಶ್ರೀ ಎದ್ದು ನಿಂತಳು. ಅವಳು ಎದ್ದರೆ ಏನೋ ಕಾದಿದೆ ಎಂದೇ ಅರ್ಥ.

“ಮಿಸ್, ಮಧುಗಿರಿ ಬಸ್‌ಸ್ಟ್ಯಾಂಡ್ ಹತ್ರ ಒಂದು ಅಂಗಡಿ ಐತೆ. ಬೋರ್ಡಲ್ಲಿ ಫರ್ನಿಚರ್ಸ್ ಅಂತ ದೊಡ್ಡದಾಗೈತೆ. ರಾತ್ರಿ ಹೊತ್ತು ಲೈಟ್ ಬೇರೆ ಹತ್ತುತ್ತೆ. ಯಾರ ಅಂಗಡಿ ಅಂತ ಹೇಳ್ಲಾ ಮಿಸ್?”

ಹೇಳಬೇಕಾದ ಅಗತ್ಯವೇ ಇರಲಿಲ್ಲ. ಹಿಂದಿನ ಬೆಂಚುಗಳು ಆಗಲೇ ಉರುಳಾಡಿ ನಗುತ್ತಿದ್ದವು. ವನಜಾಕ್ಷಿ, “ಅದು ಅಂಗಡಿ ಹೆಸರಮ್ಮ. ಹೆಸರು ಯಾರು ಹೆಂಗೆ ಬೇಕಾದ್ರೂ ಇಟ್ಕೋಬಹುದು” ಎಂದು ಜಾರಿಕೊಳ್ಳಲು ನೋಡಿದಳು.

“ಅಂಗಾದ್ರೆ ಪರೀಕ್ಷೇಲಿ ನಾನೂ ಅಂಗಡಿ ಹೆಸರು ಅಂತ ಬರೀತೀನಿ ಮಿಸ್. ಮಾರ್ಕ್ಸ್ ಕೊಡ್ತೀರಾ?”

ಆ ಸಂಜೆ ಮಾವನ ಮುಂದೆ ಕಾಫಿ ಇಟ್ಟು ವನಜಾಕ್ಷಿ ವಿಷಯ ತೆಗೆದಳು. ಜಯರಾಮಯ್ಯ ಲೋಟ ಕೆಳಗಿಟ್ಟರು.

“ಎಸ್ ತೆಗ್ಯದಾ? ತೆಗುದ್ರೆ ಜನ ಏನಂದ್ಕತಾರೆ? ಒಳಗೆ ಒಂದೇ ಕುರ್ಚಿ ಐತೆ ಅಂದ್ಕತಾರೆ ಕಣಮ್ಮ. ಗೋಡೌನ್ ತುಂಬ ಮಾಲಿಟ್ಕೊಂಡು ಒಂದೇ ಒಂದು ಫರ್ನಿಚರ್ ಅಂತ ಬರ್ಕೊಳಾಕೆ ನನ್ಗೇನು ಹುಚ್ಚಾ?”

“ಒಂದಾದ್ರೂ ನೂರಾದ್ರೂ ಅದು ಫರ್ನಿಚರ್ರೇ ಮಾವ.”

“ಶಿರಾದಾಗೆ, ಕೊರಟಗೆರೇಲಿ ಎಲ್ಲೇ ನೋಡು, ಎಲ್ರೂ ಎಸ್ ಹಾಕವ್ರೆ. ಅವ್ರೆಲ್ಲ ದಡ್ರಾ?”

ಗಂಡ ತಿಪ್ಪೇಶ ಇಬ್ಬರ ಮುಖವನ್ನೂ ನೋಡಿ, ಗೂಡ್ಸ್ ಆಟೋಗೆ ಗಾಳಿ ಹಿಡಿಸಬೇಕು ಎಂದು ಹೊರಗೆ ಹೋದ. ಗಾಳಿ ಬೆಳಿಗ್ಗೆಯೇ ಹಿಡಿಸಿಯಾಗಿತ್ತು.

ವಾರದೊಳಗೆ ಮಳೆ ಬಂದು ಬೋರ್ಡಿನ ದೀಪಗಳು ಮಿಣಮಿಣ ಎನ್ನತೊಡಗಿದವು. ರಿಪೇರಿಗೆ ಬೋರ್ಡು ಮಾಡಿದ ಕದರಪ್ಪನೇ ಏಣಿ ಹಾಕಿಕೊಂಡು ಹತ್ತಿದ. ಮಾವ ಊಟಕ್ಕೆ ಹೋಗಿದ್ದರು. ಅಂಗಡಿ ಕಾಯುತ್ತಿದ್ದ ವನಜಾಕ್ಷಿ ಟೀ ತಂದುಕೊಟ್ಟು ಮೆಲ್ಲಗೆ ಕೇಳಿದಳು: “ಕದರಪ್ಪ, ಕೊನೇ ಅಕ್ಷರದ ವೈರ್ ಒಂದನ್ನೇ ಬಿಡಿಸಿದ್ರೆ ಉಳಿದವು ಹತ್ತುತ್ತಾವಾ?”

“ಹತ್ತುತ್ತಾವಕ್ಕ. ಕೊನೇದಲ್ವಾ, ಮುಂದಕ್ಕೆ ಯಾವುದಕ್ಕೂ ಕರೆಂಟ್ ಹೋಗೋ ಅಂಗಿಲ್ಲ. ಯಾಕೆ?”

“ಸುಮ್ನೆ. ಬಿಡಿಸ್ಬುಡಪ್ಪ.”

ಅಂದಿನಿಂದ ಹಗಲೆಲ್ಲ ತಪ್ಪಾಗಿರುತ್ತಿದ್ದ ಬೋರ್ಡು, ಕತ್ತಲಾಗುತ್ತಲೇ ಸರಿಹೋಗತೊಡಗಿತು. ವನಜಾಕ್ಷಿ ಸಂಜೆ ತರಕಾರಿಗೆ ಹೋಗುವ ನೆಪದಲ್ಲಿ ಆ ರಸ್ತೆಯಲ್ಲೇ ಸುತ್ತಿ ಬರುವಳು. ಎಂಥದೋ ಸುಖ! ಮಂಜುಶ್ರೀ ಮಾತ್ರ ತರಗತಿಯಲ್ಲಿ, “ಮಿಸ್, ನಿಮ್ಮ ಬೋರ್ಡು ನೈಟ್ ಶಿಫ್ಟಲ್ಲಿ ಗ್ರಾಮರ್ ಕಲೀತೈತೆ” ಎಂದಳು.

ಜಯರಾಮಯ್ಯನವರ ಕಣ್ಣಿಗೆ ಬಿದ್ದದ್ದು ತಡವಾಗಿ. ಕದರಪ್ಪನನ್ನು ಕರೆಸಿ ಗದರಿದರು. ಅವನು ನಿಜವನ್ನೇ ಹೇಳಿದ: “ನಿಮ್ಮ ಸೊಸೇನೇ ಹೇಳಿದ್ದು ಅಣ್ಣ.”

ಮನೆಯಲ್ಲಿ ಗುಡುಗು ಬರುತ್ತದೆ ಎಂದು ವನಜಾಕ್ಷಿ ಸೆರಗು ಸುತ್ತಿಕೊಂಡು ಕಾದಳು. ಬರಲಿಲ್ಲ. ಮರುದಿನ ಬೆಳಿಗ್ಗೆ ಮಾವ ಜಗಲಿಯಿಂದ ಕೂಗಿದರು: “ಮಿಸ್ಸಮ್ಮಾ, ಎರಡು ಕಾಫೀಸ್ ಕೊಡಿ. ಶುಗರ್ಸ್ ಕಮ್ಮಿ ಇರ್ಲಿ. ಆಮೇಲೆ ಬಿಸಿ ವಾಟರ್ಸ್ ಕಾಯಿಸ್ರಿ, ಸ್ನಾನ ಮಾಡ್ಬೇಕು.”

ಹಗಲಿಡೀ ಅದೇ. ರೈಸಸ್, ಮಿಲ್ಕ್ಸು, ಕರೆಂಟ್ಸು. ಅತ್ತೆ ಮಹಾಲಕ್ಷ್ಮಮ್ಮ ಮಜ್ಜಿಗೆ ಕಡೆಯುತ್ತಲೇ ಕುಲುಕುಲು ನಗುತ್ತಿದ್ದರು. ವನಜಾಕ್ಷಿ “ಚಾಲು ಸಾಮೀ!” ಎಂದು, ಸಾಕಪ್ಪಾ ಸಾಕು ಅನ್ನುವುದನ್ನು ತವರಿನ ತೆಲುಗಿನಲ್ಲಿ ಹೇಳಿ ಕೈಮುಗಿದಳು. ಆದರೂ ಟೀಚರಿನ ನಾಲಿಗೆ ಸುಮ್ಮನಿರಬೇಕಲ್ಲ.

“ಮಾವ, ಕಾಫೀಸ್ ಮಾತ್ರ ಸರೀನೇ. ಹೋಟ್ಲಲ್ಲಿ ಟೂ ಕಾಫೀಸ್ ಅಂದ್ರೆ ಎರಡು ಕಪ್ಪು ಅಂತ ಲೆಕ್ಕ. ಅದು ನಡೀತದೆ.”

ಜಯರಾಮಯ್ಯನವರಿಗೆ ನಿಜವಾಗಿ ಸಿಟ್ಟು ಬಂದದ್ದು ಆಗಲೇ. “ಕಾಫಿಗಿರೋ ಯೋಗ್ಯತೆ ನನ್ನ ಫರ್ನಿಚರಿಗಿಲ್ವಾ? ಇದ್ಯಾವ ಸೀಮೆ ನ್ಯಾಯ?”

ಎರಡು ದಿನ ಅತ್ತೆಯ ಮೂಲಕವೇ ಮಾತುಕತೆ ನಡೆಯಿತು.

ಭಾನುವಾರ ಅವಳು ಅಂಗಡಿಯಲ್ಲಿ ಟೇಬಲ್ ಒರೆಸುತ್ತಿದ್ದಳು. ಮಾವ ಫೋನಿನಲ್ಲಿ ಮಾಲಿನವರೊಂದಿಗೆ ಜೋರಾಗಿ ಮಾತಾಡುತ್ತಿದ್ದರು: “ಮಂಚ ಆರು ಪೀಸ್ ಕಳ್ಸಿ, ಸೋಫಾ ನಾಲ್ಕು ಪೀಸ್. ಬೀರು ಎಷ್ಟು ಪೀಸ್ ಐತೆ?”

ವನಜಾಕ್ಷಿ ಒರೆಸುವ ಬಟ್ಟೆ ಕೆಳಗೆ ಹಾಕಿದಳು. ಫೋನು ಇಡುವುದನ್ನೇ ಕಾದು ಅಂದಳು:

“ಮಾವ, ನೀವು ಆಗ್ಲಿಂದ ಮಾತಾಡ್ತಿರೋದೇ ನಾನು ಮಕ್ಕಳಿಗೆ ಹೇಳ್ಕೊಡೋ ಪಾಠ. ಮಂಚಗಳು ಕಳ್ಸಿ ಅಂದ್ರಾ? ಆರು ಪೀಸ್ ಅಂದ್ರಿ. ಇಂಗ್ಲಿಷಿನವರು ಫರ್ನಿಚರ್ ಅನ್ನೋ ಒಂದು ಮಾತಿಗೆ ಅಂಗೇ ಮಾಡ್ತಾರೆ. ಮಾಲು ಅಂತೀರಲ್ಲ ನೀವು, ಅಂಗೆ ಅದು. ಗೋಡೌನ್ ತುಂಬಿದ್ರೂ ಮಾಲೇ ತಾನೇ? ಮಾಲುಗಳು ಬಂದ್ವು ಅಂತ ಯಾವತ್ತಾದ್ರೂ ಅಂದಿದ್ದೀರಾ?”

ಜಯರಾಮಯ್ಯ ಬಾಯೊಳಗೇ “ಮಾಲುಗಳು” ಎಂದು ಒಮ್ಮೆ ಹೇಳಿ ನೋಡಿಕೊಂಡರು. ಮುಖ ಹುಳ್ಳಗಾಯಿತು.

“ಇದನ್ನ ಮೊದ್ಲೇ ಹೇಳಾಕೇನಾಗಿತ್ತು ನಿಂಗೆ? ರಾಗಿ ಗೀಗಿ ಅಂತ ಮಕ್ಕಳಿಗೆ ಹೇಳ್ತೀಯಂತೆ, ನಂಗೆ ಮಾತ್ರ ವೈರ್ ಕೀಳಿಸ್ತೀಯ.”

ಕದರಪ್ಪ ಮತ್ತೆ ಏಣಿ ಹಾಕಿದ. ಎಸ್ ಇಳಿಯಿತು. ಆದರೆ ಜಯರಾಮಯ್ಯ ಒಂದು ಮೊಳೆಯನ್ನೂ ದಂಡ ಮಾಡುವ ಆಸಾಮಿಯಲ್ಲ. ಅಕ್ಷರವನ್ನು ಮಡಿಲಲ್ಲಿಟ್ಟುಕೊಂಡು ಯೋಚಿಸಿದರು. “ಸೋಫಾಗೆ ಎಸ್ ಹಾಕ್ಬಹುದಾ ಮಿಸ್ಸಮ್ಮಾ? ಈ ಸಲ ಮೊದ್ಲೇ ಕೇಳ್ಬುಡ್ತೀನಿ.”

“ಧಾರಾಳವಾಗಿ ಮಾವ. ಸೋಫಾ ಎಣಿಸೋ ವಸ್ತು. ಒಂದು ಸೋಫಾ, ಹತ್ತು ಸೋಫಾಸ್.”

ನಾಲ್ಕು ಇಂಗ್ಲಿಷ್ ಅಕ್ಷರ ಹೊಸದಾಗಿ ಮಾಡಿಸಿ, ಕೊನೆಗೆ ಆ ಹಳೇ ಎಸ್ ಸೇರಿಸಿ, ಬಾಗಿಲ ಪಕ್ಕ ‘ಸೋಫಾಸ್’ ಎಂದು ಹಾಕಿಸಿದರು. ಬಂದ ಗಿರಾಕಿಗಳಿಗೆಲ್ಲ ಅದನ್ನು ತೋರಿಸಿ, ಮೇಲಕ್ಕೆ ಯಾಕೆ ಎಸ್ ಬೇಡ, ಪಕ್ಕಕ್ಕೆ ಯಾಕೆ ಬೇಕು ಎಂದು ಪಾಠ ಮಾಡುವ ಹೊಸ ಕಾಯಿಲೆ ಅವರಿಗೆ ಅಂಟಿಕೊಂಡಿತು. ಮಂಚ ಕೊಳ್ಳಲು ಬಂದವರು ವ್ಯಾಕರಣ ಕೇಳಿ ಹೈರಾಣಾಗಿ, ಚೌಕಾಸಿ ಮಾಡುವುದನ್ನೇ ಮರೆತು ಹೋಗುತ್ತಿದ್ದರು ಎಂದು ತಿಪ್ಪೇಶ ಹೇಳುತ್ತಿದ್ದ.

ಮುಂದಿನ ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ವನಜಾಕ್ಷಿ ಹೆಮ್ಮೆಯಿಂದಲೇ ಬಿಚ್ಚಿದಳು. ಇನ್ಫರ್ಮೇಶನ್, ಅಡ್ವೈಸ್, ಫರ್ನಿಚರ್, ಒಂದಕ್ಕೂ ಎಸ್ ಇರಲಿಲ್ಲ. ಮಂಜುಶ್ರೀಯ ಹಾಳೆಯಲ್ಲಂತೂ ಇಡೀ ಉತ್ತರದಲ್ಲಿ ಎಲ್ಲೂ ಎಸ್ ಇರಲಿಲ್ಲ: ಟೂ ಪೀಸ್ ಆಫ್ ಫರ್ನಿಚರ್, ತ್ರೀ ಚೇರ್, ಮೆನಿ ಟೇಬಲ್.

“ಇದೇನೇ ಇದು?”

“ರಿಸ್ಕೇ ಬೇಡ ಅಂತ ಎಲ್ಲಾ ಕಿತ್ತಾಕ್ಬುಟ್ಟೆ ಮಿಸ್.”

ವನಜಾಕ್ಷಿ ಕೆಂಪು ಪೆನ್ನಿನ ಮುಚ್ಚಳ ತೆಗೆದು, ಕಳೆದುಹೋದ ಎಸ್‌ಗಳನ್ನು ಒಂದೊಂದಾಗಿ ಮನೆ ಸೇರಿಸಲು ಕೂತಳು.